ಬಿದ್ರಿ ಡಬ್ಬಿಗೆ ಎಷ್ಟು ಡಾಲರ್?

ಬೀದರ್‌ನ ಬಿದ್ರಿ ಕುಶಲಕರ್ಮಿಯೊಬ್ಬರು ಅಂಗೈಯಗಲದ ಡಬ್ಬಿಯೊಂದನ್ನು ಮಾಡಿದ್ದಾರೆ ಎಂದುಕೊಳ್ಳಿ. ಸತು ಮತ್ತು ತಾಮ್ರದ ಎರಕ, ಮೇಲೆ ಬೆಳ್ಳಿ ತಂತಿಯ ಬಳ್ಳಿ, ಕೋಟೆಯ ಹಳೆಯ ಮಣ್ಣಿನಿಂದ ಬರುವ ಆ ಅಚ್ಚ ಕಪ್ಪು. ಅಮೆರಿಕದಲ್ಲಿರುವ ಗಿರಾಕಿಯೊಬ್ಬರು ಚಿತ್ರ ನೋಡಿ ಬೆಲೆ ಕೇಳುತ್ತಾರೆ. ಈಗ ಹೇಳುವ ಅಂಕಿಯ ಮೇಲೆ ಕುಶಲಕರ್ಮಿಯ ಕೂಲಿ ಉಳಿಯುವುದೋ ಇಲ್ಲವೋ ನಿರ್ಧಾರವಾಗುತ್ತದೆ. ಈ ಲೆಕ್ಕ ತಪ್ಪುವುದು ಬಹುಪಾಲು ಒಂದೇ ಜಾಗದಲ್ಲಿ. ನಾವು ಖರ್ಚುಗಳನ್ನು ಕೆಳಗಿನಿಂದ ಒಂದರ ಮೇಲೊಂದು ಕೂಡಿಸುತ್ತಾ ಹೋಗುತ್ತೇವೆ. ಆದರೆ ಸುಂಕದವರು, ಹಣ ತಲುಪಿಸುವವರು, ಡಾಲರನ್ನು ರೂಪಾಯಿ ಮಾಡುವವರು ಎಲ್ಲರೂ ತಮ್ಮ ಪಾಲನ್ನು ಮುರಿದುಕೊಳ್ಳುವುದು ಮೇಲಿನ ಮೊತ್ತದಿಂದ.

ಅಂಕಿಗಳನ್ನೇ ಇಟ್ಟು ನೋಡೋಣ. ಇವು ಲೆಕ್ಕ ತಿಳಿಯಲೆಂದು ನಾನು ಇಟ್ಟುಕೊಂಡ ಅಂಕಿಗಳು, ನಿಮ್ಮವು ಬೇರೆ ಇರುತ್ತವೆ. ಬೆಳ್ಳಿ ಮತ್ತು ಲೋಹಕ್ಕೆ 1,300 ರೂಪಾಯಿ, ಮೂರು ದಿನದ ಕೂಲಿ 2,100, ಪ್ಯಾಕಿಂಗ್ 200, ಬಾಡಿಗೆ, ಕರೆಂಟು, ಫೋಟೊ ಇತ್ಯಾದಿಗೆ 200, ಲಾಭ 700. ಒಟ್ಟು 4,500 ರೂಪಾಯಿ ಕೈಗೆ ಸಿಗಬೇಕು.

ಮುಂದಿನದು ಸಾಗಣೆ. ಡಬ್ಬಿಯ ತೂಕ 600 ಗ್ರಾಂ, ಪ್ಯಾಕ್ ಮಾಡಿದ ಮೇಲೆ ಸುಮಾರು 850 ಗ್ರಾಂ. ಆದರೆ ಕೊರಿಯರ್ ಕಂಪನಿಗಳು ತಕ್ಕಡಿಯ ತೂಕವೊಂದನ್ನೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದ ಅಂಕಿ ಹೆಚ್ಚಿದ್ದರೆ ಅದನ್ನೇ ತೂಕವೆಂದು ಹಿಡಿಯುತ್ತವೆ. ಕೈಗೆ ಸಿಕ್ಕಿದ 25×20×15ರ ಪೆಟ್ಟಿಗೆಯಲ್ಲಿ ಇಟ್ಟರೆ ಇದೇ ಡಬ್ಬಿ ಒಂದೂವರೆ ಕಿಲೋ ಆಗುತ್ತದೆ. 18×15×12ರ ಪೆಟ್ಟಿಗೆಗೆ ಈ ಲೆಕ್ಕದಲ್ಲಿ ಬರುವುದು 650 ಗ್ರಾಂ. ಆಗ ತಕ್ಕಡಿಯ ತೂಕವೇ ನಿಂತು, ಒಂದು ಕಿಲೋದ ದರದಲ್ಲಿ ಹೋಗುತ್ತದೆ. ಹಾಗಾಗಿ ಬೆಲೆ ಹೇಳುವ ಮೊದಲೇ ಪೆಟ್ಟಿಗೆಯನ್ನು ಆರಿಸಿ, ತುಂಬಿ, ಅಳೆದು, ತೂಗಿಬಿಡಬೇಕು. ಇಲ್ಲಿ ಸಾಗಣೆಗೆ 2,000 ರೂಪಾಯಿ ಎಂದು ಹಿಡಿಯುತ್ತೇನೆ.

ಆಮೇಲೆ ಸುಂಕ. 800 ಡಾಲರ್ ಒಳಗಿನ ಪಾರ್ಸೆಲ್‌ಗಳಿಗೆ ಅಮೆರಿಕದಲ್ಲಿ ಸುಂಕವಿರಲಿಲ್ಲ. ಸಣ್ಣ ಮಾರಾಟಗಾರರ ವ್ಯವಹಾರ ಬಹುಮಟ್ಟಿಗೆ ಆ ವಿನಾಯಿತಿಯ ಮೇಲೆ ನಿಂತಿತ್ತು. 2025ರ ಆಗಸ್ಟ್ 29ರಿಂದ ಅದು ರದ್ದಾಯಿತು. ಅದೇ ಹೊತ್ತಿಗೆ ನಮ್ಮ ಅಂಚೆ ಇಲಾಖೆ ಅಮೆರಿಕದ ಬಹುತೇಕ ಪಾರ್ಸೆಲ್‌ಗಳನ್ನು ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರುಮಾಡಿತು. ಈ ಸಲ ಸುಂಕವನ್ನು ಕಳಿಸುವವರೇ ಇಲ್ಲಿಯೇ ಮುಂಗಡವಾಗಿ ಕಟ್ಟುವ ಏರ್ಪಾಡಿನೊಂದಿಗೆ. ದರ ಆಗಿನಿಂದ ಏರಿಳಿಯುತ್ತಲೇ ಇದೆ, ಕಳಿಸುವ ವಾರದಲ್ಲೇ ವಿಚಾರಿಸಿಕೊಳ್ಳಬೇಕು. ಇಲ್ಲಿಯ ಲೆಕ್ಕಕ್ಕೆ ಶೇ 20 ಇರಲಿ. ಸುಂಕ ಕಟ್ಟಿಕೊಡುವ ಕೆಲಸಕ್ಕೆ ಕೊರಿಯರ್‌ನವರು ಪಡೆಯುವ ಶುಲ್ಕ 300 ರೂಪಾಯಿ.

ಕೊರಿಯರ್‌ನಲ್ಲಿ ಸುಂಕವನ್ನು ಗಿರಾಕಿಯಿಂದಲೇ ವಸೂಲಿ ಮಾಡುವ ದಾರಿಯೂ ಉಂಟು. ನನಗೆ ಅದು ಹಿಡಿಸುವುದಿಲ್ಲ. ದುಡ್ಡು ಕೊಟ್ಟಾಗಿದೆ ಎಂದುಕೊಂಡವರ ಮುಂದೆ ಬಾಗಿಲಲ್ಲಿ ಇನ್ನೊಂದು ಬಿಲ್ ಇಟ್ಟರೆ ಕೆಲವರು ಪಾರ್ಸೆಲನ್ನೇ ಬೇಡವೆನ್ನುತ್ತಾರೆ. ಆಗ ವಾಪಸಾತಿಯ ಸಾಗಣೆ ಕುಶಲಕರ್ಮಿಯ ತಲೆಗೇ ಬರುತ್ತದೆ.

ಕೊನೆಗೆ ಹಣ ಕೈಸೇರುವ ದಾರಿ. ಹೊರದೇಶದ ಕಾರ್ಡಿನಿಂದ ಹಣ ತರಿಸಿಕೊಡುವ ಸಂಸ್ಥೆ ಒಂದಿಷ್ಟು ಶೇಕಡಾ ಮುರಿದುಕೊಳ್ಳುತ್ತದೆ, ಆ ಶುಲ್ಕದ ಮೇಲೆ ಜಿಎಸ್‌ಟಿ ಬೇರೆ. ಡಾಲರನ್ನು ರೂಪಾಯಿಗೆ ಬದಲಿಸುವಾಗ ಪತ್ರಿಕೆಯಲ್ಲಿ ಕಾಣುವ ದರ ಸಿಗುವುದಿಲ್ಲ, ಒಂದೆರಡು ರೂಪಾಯಿ ಕಡಿಮೆಯೇ ಸಿಗುತ್ತದೆ. ಈ ಕಡಿತಕ್ಕೆ ರಸೀದಿಯಲ್ಲಿ ಬೇರೆ ಸಾಲು ಇರುವುದು ಕಡಿಮೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಪತ್ತೆ ಮಾಡುವ ದಾರಿ ಸುಲಭ: ಖಾತೆಗೆ ಬಂದ ರೂಪಾಯಿಯನ್ನು ಗಿರಾಕಿ ಕೊಟ್ಟ ಡಾಲರಿನಿಂದ ಭಾಗಿಸಿ, ಆ ದಿನದ ಪ್ರಕಟಿತ ದರದ ಪಕ್ಕದಲ್ಲಿಟ್ಟು ನೋಡಬೇಕು. ನಡುವಿನ ವ್ಯತ್ಯಾಸವೇ ಶುಲ್ಕ ಮತ್ತು ವಿನಿಮಯದ ಒಟ್ಟು ಕಡಿತ. ಇಲ್ಲಿ ಎರಡೂ ಸೇರಿ ಶೇ 8, ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ.

ಈಗ ಸಾಮಾನ್ಯವಾಗಿ ಎಲ್ಲರೂ ಮಾಡುವ ಲೆಕ್ಕ. 4,500ಕ್ಕೆ ಸಾಗಣೆ ಮತ್ತು ಶುಲ್ಕದ 2,300 ಸೇರಿಸಿ. 4,500ರ ಶೇ 20 ಸುಂಕವೆಂದು 900 ಸೇರಿಸಿ. ಒಟ್ಟು 7,700. ಅದರ ಮೇಲೆ ಶೇ 8 ಹಾಕಿದರೆ 8,316 ರೂಪಾಯಿ, ಅಂದರೆ 92 ಡಾಲರ್ 40 ಸೆಂಟ್. ‘ಸಾಗಣೆ ಉಚಿತ’ ಎಂದು ಬರೆದು ಈ ಒಂದೇ ಬೆಲೆಗೆ ಮಾರಿದರೆ ಏನಾಗುತ್ತದೆ? ಇನ್‌ವಾಯ್ಸ್‌ನಲ್ಲಿ ಸರಕಿನ ಬೆಲೆ 8,316 ಎಂದೇ ಕಾಣುತ್ತದೆ. ಸುಂಕ ಅದರ ಶೇ 20, ಅಂದರೆ 1,663. ಶೇ 8 ಮುರಿದು ಖಾತೆಗೆ ಬರುವುದು 7,651. ಸುಂಕ, ಸಾಗಣೆ, ಶುಲ್ಕ ಕಳೆದರೆ ಉಳಿಯುವುದು 3,688 ರೂಪಾಯಿ. 812 ಖೋತಾ. ಲಾಭದ 700 ಪೂರ್ತಿ ಹೋಗಿ, ಕೂಲಿಯಿಂದಲೂ 112 ರೂಪಾಯಿ ಹೋಯಿತು.

ಹಾಗಾದರೆ ಹಿಂದಿನಿಂದ ಲೆಕ್ಕ ಹಾಕೋಣ. ಬೆಲೆಯ ಪ್ರತಿ ರೂಪಾಯಿಯಲ್ಲಿ 20 ಪೈಸೆ ಸುಂಕಕ್ಕೆ, 8 ಪೈಸೆ ಹಣ ತರುವುದಕ್ಕೆ ಹೋದರೆ 72 ಪೈಸೆ ಉಳಿಯುತ್ತದೆ. ನಮಗೆ ಬೇಕಾದದ್ದು 4,500 ಮತ್ತು 2,300, ಒಟ್ಟು 6,800. ಅದನ್ನು 0.72ರಿಂದ ಭಾಗಿಸಿದರೆ 9,444 ರೂಪಾಯಿ, ಸುಮಾರು 105 ಡಾಲರ್. ಸಾಗಣೆ ಉಚಿತವೆಂದು ಮಾರುವುದಾದರೆ ಇದೇ ಸರಿಯಾದ ಬೆಲೆ.

ಆದರೆ ಅಮೆರಿಕದಲ್ಲಿ ಸುಂಕ ಬೀಳುವುದು ಸರಕಿನ ಬೆಲೆಗೆ. ಅಂತರರಾಷ್ಟ್ರೀಯ ಸಾಗಣೆಯನ್ನು ಇನ್‌ವಾಯ್ಸ್‌ನಲ್ಲಿ ಬೇರೆ ಸಾಲಾಗಿ ನಿಜವಾದ ಮೊತ್ತದಲ್ಲಿ ತೋರಿಸಿದರೆ ಅದಕ್ಕೆ ಸುಂಕವಿಲ್ಲ. 2,000 ರೂಪಾಯಿಯನ್ನು ಹಾಗೆ ಬೇರ್ಪಡಿಸಿದರೆ ಡಬ್ಬಿಯ ಬೆಲೆ 6,889 ರೂಪಾಯಿ ಸಾಕು. ಗಿರಾಕಿ ಕೊಡುವುದು ಒಟ್ಟು 8,889, ಹತ್ತಿರ ಹತ್ತಿರ 99 ಡಾಲರ್. ಕುಶಲಕರ್ಮಿಗೆ ಅದೇ 4,500 ಸಿಕ್ಕಿ, ಗಿರಾಕಿಗೆ ಆರು ಡಾಲರ್ ಉಳಿಯಿತು.

ಇದು ಎಲ್ಲ ದೇಶಕ್ಕೂ ಹೊಂದುವುದಿಲ್ಲ. ಬ್ರಿಟನ್ನಿನಲ್ಲಿ 135 ಪೌಂಡ್ ಒಳಗಿನ ಸರಕಿಗೆ ಆಮದು ಸುಂಕವಿಲ್ಲ, ಆದರೆ ಸಾಗಣೆಯೂ ಸೇರಿದ ಮೊತ್ತದ ಮೇಲೆ ಶೇ 20 ವ್ಯಾಟ್ ಉಂಟು. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರಿದರೆ ಅದನ್ನು ಅವರೇ ವಸೂಲಿ ಮಾಡಿ ಕಟ್ಟುತ್ತಾರೆ. ನೇರವಾಗಿ ಮಾರಿದರೆ ಮಾರಾಟಗಾರರೇ ಅಲ್ಲಿ ನೋಂದಣಿ ಮಾಡಿಸಬೇಕು.

ಸುಂಕ ಉಳಿಸಲು ‘ಉಡುಗೊರೆ’ ಎಂದು ಬರೆದು ಕಳಿಸಿ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಸಿಕ್ಕಿಬಿದ್ದರೆ ದಂಡ ಇದ್ದೇ ಇದೆ. ಪಾರ್ಸೆಲ್ ಕಳೆದರೆ ವಿಮೆ ಕೊಡುವುದು ಹೆಚ್ಚೆಂದರೆ ಬರೆದಷ್ಟೇ ಬೆಲೆ. ಬ್ಯಾಂಕಿಗೆ ಬಂದ ಡಾಲರಿಗೂ ರಫ್ತಿನ ಕಾಗದಕ್ಕೂ ತಾಳೆಯಾಗದೆ ಆಮೇಲೆ ವಿವರಣೆ ಕೊಡುತ್ತಾ ಕೂರಬೇಕು.

ಗಿರಾಕಿಗೆ ಬೆಲೆ ಇಳಿಸಿಕೊಡಬೇಕೆಂದಿದ್ದರೆ ಕೂಲಿಗೆ ಕೈಹಾಕದ ದಾರಿಯೊಂದಿದೆ. ಎರಡು ಡಬ್ಬಿ ಒಂದೇ ಪಾರ್ಸೆಲ್‌ನಲ್ಲಿ ಹೋದರೆ ಸಾಗಣೆ ಎರಡು ಪಟ್ಟಾಗುವುದಿಲ್ಲ, 3,000 ಆಗುತ್ತದೆ ಎನ್ನಿ. ಸುಂಕ ಕಟ್ಟುವ ಶುಲ್ಕ 300 ಒಂದೇ ಸಲ. ಇದೇ ರೀತಿ ಲೆಕ್ಕ ಹಾಕಿದರೆ ಸಾಗಣೆ ಸೇರಿ ಡಬ್ಬಿಯೊಂದಕ್ಕೆ 8,125 ರೂಪಾಯಿ, ಸುಮಾರು 90 ಡಾಲರ್ ಆಗುತ್ತದೆ. ಪ್ರತಿ ಡಬ್ಬಿಗೂ ಕುಶಲಕರ್ಮಿಗೆ 4,500 ಪೂರ್ತಿ ಸಿಗುತ್ತದೆ.