‘ಇದು ಸೇಫ್ ಅದಾ ಅಣ್ಣಾ?’: ಸಾಲದ ಆ್ಯಪ್‌ನ ಷರತ್ತು ಓದಿ ಹೇಳುವ ರೀತಿ

ಮುಂಗಾರು ಬಿತ್ತನೆ ಹತ್ತಿರ ಬಂತೆಂದರೆ ಶಹಾಪುರ ಸುತ್ತಿನ ಹುಡುಗರಿಂದ ನನ್ನ ವಾಟ್ಸಾಪ್‌ಗೆ ಒಂದೇ ನಮೂನಿ ಮೆಸೇಜ್ ಬರುತ್ತವೆ. ಹತ್ತಿ ಬೀಜಕ್ಕೆ, ಗೊಬ್ಬರಕ್ಕೆ ರೊಕ್ಕ ಬೇಕಾಗಿರುತ್ತದೆ. ಯಾವುದೋ ಸಾಲದ ಆ್ಯಪ್ ಸಿಕ್ಕಿರುತ್ತದೆ. ಅದರ ಇಂಗ್ಲಿಷ್ ಷರತ್ತುಗಳನ್ನೆಲ್ಲ ಕಾಪಿ ಮಾಡಿ ಹಾಕಿ, ಕೆಳಗೆ ಒಂದು ಸಾಲು ಬರೆದಿರುತ್ತಾರೆ: ‘ಇದು ಸೇಫ್ ಅದಾ ಅಣ್ಣಾ?’

ಇದಕ್ಕೆ ಹೌದು, ಇಲ್ಲ ಅಂತ ಉತ್ತರ ಕೊಡಲು ಬರುವುದಿಲ್ಲ. ಕಂಪನಿ ಏನು ಬರೆದುಕೊಂಡಿದೆ ಎಂಬುದನ್ನಷ್ಟೇ ಷರತ್ತು ಹೇಳುತ್ತದೆ. ಬರೆದಂತೆ ನಡೆಯುತ್ತಾರೋ ಇಲ್ಲವೋ ಅದರಿಂದ ಗೊತ್ತಾಗದು. ಆದರೆ ‘ಒಪ್ಪಿದೆ’ ಎಂದು ಒತ್ತಿದರೆ ನಾವು ಯಾವುದಕ್ಕೆ ಕಟ್ಟುಬೀಳುತ್ತೇವೆ ಎಂಬುದು ಗೊತ್ತಾಗುತ್ತದೆ. ಅದಕ್ಕೇ ನಾನು ಉತ್ತರವನ್ನು ಮೂರು ಭಾಗ ಮಾಡುತ್ತೇನೆ: ನೀವು ಮಾಡಲೇಬೇಕಾದದ್ದು, ಕಂಪನಿ ಮಾಡಬಹುದಾದದ್ದು, ಈ ಬರಹದಲ್ಲಿ ಇಲ್ಲದ್ದು. ಮನೆಯವರಿಗೋ ಗೆಳೆಯರಿಗೋ ಓದಿ ಹೇಳುವಾಗ ನೀವೂ ಹೀಗೇ ಮಾಡಬಹುದು.

ಒಬ್ಬ ಹುಡುಗ ಕಳಿಸಿದ ಷರತ್ತನ್ನೇ ತಗೊಳ್ಳೋಣ. ಆ್ಯಪ್‌ನ ಹೆಸರು ಬೇಡ. ಸಾಲ 20,000 ರೂಪಾಯಿ, ಅವಧಿ 90 ದಿನ.

ಶುಲ್ಕದ ಷರತ್ತು

ಬಡ್ಡಿ ತಿಂಗಳಿಗೆ ಶೇ. 2.5 ಎಂದು ಬರೆದಿತ್ತು. ಪ್ರೊಸೆಸಿಂಗ್ ಫೀ 900 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಎರಡನ್ನೂ ಸಾಲ ಕೊಡುವಾಗಲೇ ಮುರಿದುಕೊಳ್ಳಲಾಗುವುದು ಎಂದಿತ್ತು. ಲೆಕ್ಕ ಹಾಕಿ ನೋಡ್ರಿ. ಫೀ 900, ಶೇ. 18ರ ಜಿಎಸ್‌ಟಿ 162, ಕೂಡಿ 1,062. ಕೈಗೆ ಬರುವುದು 18,938. ಮೂರು ತಿಂಗಳ ಬಡ್ಡಿ 1,500 ಸೇರಿ ಕಟ್ಟಬೇಕಾದದ್ದು 21,500. ಅಂದರೆ 18,938 ರೂಪಾಯಿಯನ್ನು ಮೂರು ತಿಂಗಳು ಬಳಸಿದ್ದಕ್ಕೆ 2,562 ರೂಪಾಯಿ ಖರ್ಚು. ವರ್ಷದ ಲೆಕ್ಕಕ್ಕೆ ತಿರುಗಿಸಿದರೆ ಶೇ. 54ರ ಆಸುಪಾಸು. ತಿಂಗಳಿಗೆ ಎರಡೂವರೆ ಅಂದರೆ ವರ್ಷಕ್ಕೆ ಮೂವತ್ತು ಅಂತ ಅವನು ತಿಳಿದಿದ್ದ.

‘ಇದು ಮೋಸ’ ಅಂತ ನಾನು ಬರೆಯಲಿಲ್ಲ. ಶುಲ್ಕವನ್ನು ಅವರು ಬರೆದೇ ಹೇಳಿದ್ದಾರೆ. ‘ಕೈಗೆ ಇಷ್ಟು ಬರುತ್ತದೆ, ಇಷ್ಟು ಕಟ್ಟಬೇಕು’ ಎಂದು ಎರಡು ಅಂಕಿ ಬರೆದೆ. ತೀರ್ಮಾನ ಅವನದು.

ಕಾಂಟ್ಯಾಕ್ಟ್ ಷರತ್ತು

‘ಪರಿಶೀಲನೆಗೆ ಮತ್ತು ಸಂಪರ್ಕಕ್ಕೆ ಕಂಪನಿಯು ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನು ನೋಡಬಹುದು’ ಎಂಬುದು ಇನ್ನೊಂದು ಷರತ್ತು. ಇಲ್ಲಿ ಇಂಗ್ಲಿಷಿನ ‘ಮೇ’, ‘ಶಲ್’ ಎಂಬ ಎರಡು ಪದಗಳ ಮೇಲೆ ಕಣ್ಣಿಡಬೇಕು. ‘ಶಲ್’ ಅಂದರೆ ಮಾಡಲೇಬೇಕು. ‘ಮೇ’ ಅಂದರೆ ಮಾಡಬಹುದು, ಮಾಡದೆಯೂ ಇರಬಹುದು. ನಮ್ಮ ಮೇಲಿನ ಷರತ್ತುಗಳಲ್ಲಿ ಹೆಚ್ಚಾಗಿ ‘ಶಲ್’ ಇರುತ್ತದೆ, ಕಂಪನಿಯ ಅಧಿಕಾರದ ಮುಂದೆ ‘ಮೇ’ ಇರುತ್ತದೆ.

ಹೀಗಾಗಿ ‘ಕಂತು ತಪ್ಪಿದರೆ ನಿನ್ನ ಬೀಗರಿಗೆಲ್ಲ ಫೋನ್ ಮಾಡ್ತಾರ’ ಎಂದು ಹೇಳಿದರೆ ಷರತ್ತಿನಲ್ಲಿ ಇಲ್ಲದ್ದನ್ನು ಹೇಳಿದಂತೆ. ‘ಏನೂ ಮಾಡಲ್ಲ’ ಎಂದರೂ ಅಷ್ಟೇ ತಪ್ಪು. ಸರಿಯಾದ ಮಾತು ಇದು: ಪಟ್ಟಿ ನೋಡಲು ಅನುಮತಿ ಕೇಳಿದ್ದಾರೆ, ‘ಸಂಪರ್ಕ’ ಅಂದರೆ ಯಾರೊಂದಿಗೆ ಎಂದು ಬಿಡಿಸಿ ಹೇಳಿಲ್ಲ, ಬೇರೆಯವರಿಗೆ ಫೋನ್ ಮಾಡುವುದಿಲ್ಲ ಎಂದೂ ಬರೆದಿಲ್ಲ.

ಇದರ ಜೊತೆಗೆ ಒಂದು ಖಚಿತ ಮಾತು ಹೇಳಬಹುದು. ಬ್ಯಾಂಕು, ಎನ್‌ಬಿಎಫ್‌ಸಿಗಳ ಪರವಾಗಿ ಸಾಲ ಕೊಡುವ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್, ಕಾಲ್ ಲಾಗ್, ಫೋಟೊ ಫೈಲುಗಳನ್ನು ಮುಟ್ಟಕೂಡದು ಎಂದು ರಿಸರ್ವ್ ಬ್ಯಾಂಕ್ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. 2025ರ ಡಿಜಿಟಲ್ ಸಾಲದ ನಿರ್ದೇಶನಗಳಲ್ಲೂ ಅದೇ ಇದೆ. ಕ್ಯಾಮೆರಾ, ಮೈಕ್, ಲೊಕೇಷನ್‌ಗಳನ್ನು ಕೆವೈಸಿಯಂಥ ಕೆಲಸಕ್ಕೆ, ನಮ್ಮ ಸ್ಪಷ್ಟ ಒಪ್ಪಿಗೆ ಪಡೆದು, ಒಂದು ಸಲ ಬಳಸಬಹುದು. ಅಂದಮೇಲೆ ಈ ಷರತ್ತು ಆ ನಿಯಮಕ್ಕೆ ಹೊಂದುವುದಿಲ್ಲ. ಅಷ್ಟನ್ನು ಧೈರ್ಯವಾಗಿ ಬರೆಯಬಹುದು.

ಆಟೋ ಡೆಬಿಟ್ ಷರತ್ತು

ಕಂತಿನ ದಿನ ಖಾತೆಯಿಂದ ತಾನಾಗಿಯೇ ರೊಕ್ಕ ಕಡಿತ, ಖಾತೆಯಲ್ಲಿ ಇಲ್ಲದಿದ್ದರೆ ಪ್ರತಿ ಸಲಕ್ಕೂ ಬೌನ್ಸ್ ಶುಲ್ಕ ಎಂದಿತ್ತು. ಇದು ನಮ್ಮ ಮೇಲೆ ಬೀಳುವ ‘ಶಲ್’. ಆ ದಿನ ಖಾತೆಯಲ್ಲಿ ರೊಕ್ಕ ಇಡಲೇಬೇಕು. ಆ ಹುಡುಗ ಕೊಡಲು ಹೊರಟಿದ್ದು ಪಿಎಂ ಕಿಸಾನ್ ಹಣ ಬರುವ ಖಾತೆಯನ್ನೇ. ಬೆಳೆ ವಿಮೆ ಬಂದರೂ ಅದಕ್ಕೇ ಬರುತ್ತಿತ್ತು. ‘ಈ ರೊಕ್ಕ ಸರಕಾರದ್ದು’ ಎಂದು ಆಟೋ ಡೆಬಿಟ್ ಬೇರೆ ಮಾಡಿ ನೋಡುವುದಿಲ್ಲ. ಜೂನ್‌ನಲ್ಲಿ 90 ದಿನಕ್ಕೆ ಸಾಲ ತೆಗೆದರೆ ಕಂತು ಸೆಪ್ಟೆಂಬರ್‌ನಲ್ಲಿ ಬೀಳುತ್ತದೆ. ಆಗ ನಮ್ಮ ಹತ್ತಿ ಇನ್ನೂ ಗಿಡದಲ್ಲೇ ಇರುತ್ತದೆ. ಷರತ್ತನ್ನು ಬೆಳೆಯ ಕ್ಯಾಲೆಂಡರ್ ಪಕ್ಕ ಇಟ್ಟು ಓದಿದರೆ ಮಾತ್ರ ಇದು ಕಾಣುತ್ತದೆ.

ಬರಹದಲ್ಲಿ ಇಲ್ಲದ್ದು

ಸಾಲ ಕೊಡುತ್ತಿರುವ ಬ್ಯಾಂಕು ಅಥವಾ ಎನ್‌ಬಿಎಫ್‌ಸಿಯ ಹೆಸರೇ ಅವನು ಕಳಿಸಿದ ಬರಹದಲ್ಲಿ ಇರಲಿಲ್ಲ. ‘ಬೌನ್ಸ್ ಶುಲ್ಕಕ್ಕೆ ಶುಲ್ಕಪಟ್ಟಿ ನೋಡಿ’ ಎಂದಿತ್ತು, ಆ ಪಟ್ಟಿ ಇರಲಿಲ್ಲ. ಅದರ ಮೇಲೆ ‘ಕಂಪನಿ ಹೆಸರು ಮುಚ್ಚಿಟ್ಟಿದೆ’ ಎನ್ನಲು ಬರುವುದಿಲ್ಲ, ಕಾಪಿ ಮಾಡುವಾಗ ಬಿಟ್ಟುಹೋಗಿರಬಹುದು. ‘ನೀನು ಕಳಿಸಿದ್ದರಲ್ಲಿ ಇಲ್ಲ, ಕೇಳಿ ತಗೋ’ ಎಂದರೆ ಸಾಕು.

ಹೆಸರು ಸಿಕ್ಕಮೇಲೆ ರಿಸರ್ವ್ ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ನೋಡಬಹುದು. ಆದರೆ ಅದು ಬ್ಯಾಂಕು, ಎನ್‌ಬಿಎಫ್‌ಸಿಗಳೇ ಕೊಟ್ಟ ಮಾಹಿತಿ. ಆ್ಯಪ್ ಅದರಲ್ಲಿದ್ದರೆ ಇಂಥ ಸಂಸ್ಥೆಗೆ ಸೇರಿದ್ದೆಂದು ಆ ಸಂಸ್ಥೆ ಹೇಳಿದೆ, ಅಷ್ಟೇ. ಷರತ್ತು ಒಳ್ಳೆಯದು ಎಂದು ಅರ್ಥವಲ್ಲ.

ನಾನು ಕಳಿಸಿದ ಉತ್ತರ

‘ತಮ್ಮಾ, ನೀನು ಕಳಿಸಿದಷ್ಟು ಓದಿದೆ. ನೀನು ಮಾಡಬೇಕಾದದ್ದು: 18,938 ತಗೊಂಡು 90 ದಿನಕ್ಕೆ 21,500 ಕಟ್ಟಬೇಕು, ಆ ದಿನ ಖಾತೆಯಲ್ಲಿ ರೊಕ್ಕ ಇರಬೇಕು. ಅವರು ಮಾಡಬಹುದಾದದ್ದು: ತಾವೇ ಕಡಿತ ಮಾಡುವುದು, ಬೌನ್ಸ್ ಶುಲ್ಕ ಹಾಕುವುದು. ಕಾಂಟ್ಯಾಕ್ಟ್ ನೋಡಲು ಅನುಮತಿ ಕೇಳ್ಯಾರ, ಅದು ರಿಸರ್ವ್ ಬ್ಯಾಂಕ್ ನಿಯಮಕ್ಕೆ ಹೊಂದುವುದಿಲ್ಲ. ಇದರಲ್ಲಿ ಇಲ್ಲದ್ದು: ಸಾಲ ಕೊಡುವವರ ಹೆಸರು, ಬೌನ್ಸ್ ಶುಲ್ಕ ಎಷ್ಟು ಅನ್ನೋದು. ಸೇಫ್ ಅದಾ ಇಲ್ಲಾ ಅಂತ ಇದರಿಂದ ಹೇಳಲು ಬರಲ್ಲ. ಒಪ್ಪುವ ಮೊದಲು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳು.’

ಕೊನೆಯ ಮಾತಿಗೆ ಕಾರಣ ಇದೆ. ಸಾಲದ ಒಟ್ಟು ವಾರ್ಷಿಕ ವೆಚ್ಚ, ಎಲ್ಲ ಶುಲ್ಕ, ದೂರು ಕೊಡಬೇಕಾದ ಅಧಿಕಾರಿಯ ವಿವರ ಇರುವ ಈ ಹಾಳೆಯನ್ನು ಸಹಿಗೆ ಮೊದಲೇ ಕೊಡಬೇಕೆಂಬುದು ನಿಯಮ. ಅದರಲ್ಲಿ ತೋರಿಸದ ಶುಲ್ಕವನ್ನು ಆಮೇಲೆ ಹೇರುವಂತಿಲ್ಲ. ಕೂಲಿಂಗ್ ಆಫ್ ಅವಧಿಯೂ ಅದರಲ್ಲೇ ಇರುತ್ತದೆ. ಕನಿಷ್ಠ ಒಂದು ದಿನದ ಆ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ, ದಂಡವಿಲ್ಲದೆ ಸಾಲದಿಂದ ಹೊರಬರಬಹುದು. ಹಾಳೆಯಲ್ಲಿ ಮೊದಲೇ ತಿಳಿಸಿದ್ದರೆ ಪ್ರೊಸೆಸಿಂಗ್ ಫೀಯನ್ನು ಮಾತ್ರ ಅವರು ಇಟ್ಟುಕೊಳ್ಳಬಹುದು. ಆ ಹಾಳೆ ಕೈಗೆ ಬಂದಮೇಲೆ ಷರತ್ತು ಇನ್ನೊಮ್ಮೆ ಓದ್ರಿ. ಎರಡರಲ್ಲಿ ಅಂಕಿ ಬೇರೆ ಬೇರೆ ಇದ್ದರೆ, ಸಾಲ ಕೊಡುವವರಿಂದ ಅದಕ್ಕೆ ಬರಹದಲ್ಲೇ ಉತ್ತರ ತಗೊಂಡು ಮುಂದಿನ ಬಟನ್ ಒತ್ತಬೇಕು.