ಟಿವಿಯಲ್ಲೊಂದು ದರ, ಅಂಗಡಿಯಲ್ಲೊಂದು ದರ

2024ರ ಜುಲೈ 23ರಂದು ಕೇಂದ್ರ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಲಾಯಿತು. ಅಂದು ಲಂಡನ್‌ನಲ್ಲಿ ಚಿನ್ನದ ಬೆಲೆ ಹೆಚ್ಚೇನೂ ಅಲುಗಾಡಲಿಲ್ಲ. ಮುಂಬೈನ ಎಂಸಿಎಕ್ಸ್‌ನಲ್ಲಿ ಮಾತ್ರ ಹತ್ತು ಗ್ರಾಂಗೆ ಸುಮಾರು 4,000 ರೂಪಾಯಿ ಕುಸಿಯಿತು.

ಲಂಡನ್‌ನದು ಸ್ಪಾಟ್ ಬೆಲೆ. ಸುಮಾರು ಹನ್ನೆರಡೂವರೆ ಕಿಲೋ ತೂಗುವ ಗಟ್ಟಿಗಳನ್ನು ಬ್ಯಾಂಕುಗಳೂ ದೊಡ್ಡ ವ್ಯಾಪಾರಿಗಳೂ ತಕ್ಷಣದ ವಿಲೇವಾರಿಗೆ ಕೊಂಡು ಮಾರುವ ದರ ಇದು. 31.1 ಗ್ರಾಂ ತೂಗುವ ಒಂದು ಔನ್ಸ್‌ಗೆ ಇಷ್ಟು ಡಾಲರ್ ಎಂದು ಹೇಳುತ್ತಾರೆ. ಆಗ ಔನ್ಸ್‌ಗೆ ಹೆಚ್ಚುಕಡಿಮೆ 2,400 ಡಾಲರ್ ಇತ್ತು. ಡಾಲರ್‌ಗೆ 83.70 ರೂಪಾಯಿ ಹಿಡಿದರೆ ಗ್ರಾಂಗೆ ಸುಮಾರು 6,460 ರೂಪಾಯಿ. ಅದು ನಮ್ಮ ಗಡಿ ದಾಟದ ಚಿನ್ನ. ಶೇ 6 ಸುಂಕ ಸೇರಿದರೆ 6,850ರ ಹತ್ತಿರ ಬರುತ್ತದೆ. ಡಾಲರ್ ತುಟ್ಟಿಯಾದರೆ ಲಂಡನ್ ಬೆಲೆ ಕದಲದಿದ್ದರೂ ಇಲ್ಲಿ ಏರುತ್ತದೆ.

ಎಂಸಿಎಕ್ಸ್‌ನದು ವಾಯಿದಾ ಬೆಲೆ, ಅಂದರೆ ಮುಂದಿನ ಗೊತ್ತಾದ ತಿಂಗಳಲ್ಲಿ ಚಿನ್ನ ಕೊಡುವ ಕರಾರಿನ ದರ. ಇದರಲ್ಲಿ ಸುಂಕ ಸೇರಿರುತ್ತದೆ, ಜಿಎಸ್‌ಟಿ ಸೇರಿರುವುದಿಲ್ಲ. ಸುಂಕ ಇಳಿದ ಗಳಿಗೆಯಲ್ಲೇ ಇದು ಬಿದ್ದದ್ದು ಆ ಕಾರಣಕ್ಕೆ. ಚಿನ್ನವನ್ನು ಈಗಲೇ ಕೊಂಡು ಇಟ್ಟುಕೊಂಡರೆ ಹಾಕಿದ ಹಣದ ಬಡ್ಡಿ, ದಾಸ್ತಾನಿನ ಖರ್ಚು ಎರಡೂ ಮೈಮೇಲೆ ಬರುತ್ತವೆ. ಆದ್ದರಿಂದ ದೂರದ ತಿಂಗಳ ಕರಾರು ಸಾಮಾನ್ಯವಾಗಿ ಹತ್ತಿರದ್ದಕ್ಕಿಂತ ತುಸು ದುಬಾರಿ. ವಾಯಿದೆ ಮುಗಿಯುತ್ತ ಬಂದಂತೆ ಆ ಅಂತರ ಕರಗಿಹೋಗುತ್ತದೆ.

ಇನ್ನು ನಮ್ಮ ಬೀದಿಯ ಆಭರಣದಂಗಡಿ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿರುವುದು ಸಾಮಾನ್ಯವಾಗಿ 22 ಕ್ಯಾರೆಟ್ ದರ. ಅದರಲ್ಲಿ ಸಾವಿರಕ್ಕೆ 916 ಪಾಲು ಮಾತ್ರ ಚಿನ್ನ. 6,850ಕ್ಕೆ ಆ ಪಾಲು ಹಾಕಿದರೆ ಸುಮಾರು 6,275 ಆಗುತ್ತದೆ. ಬೋರ್ಡಿನಲ್ಲಿ 6,400 ಇತ್ತೆಂದು ಇಟ್ಟುಕೊಳ್ಳಿ. ನಡುವಿನ 125 ರೂಪಾಯಿಯಲ್ಲಿ ಸಗಟು ವ್ಯಾಪಾರಿಯ ಲಾಭ, ಸಾಗಣೆ, ಊರಿನ ಬೇಡಿಕೆ ಎಲ್ಲ ಸೇರಿರುತ್ತವೆ. ಊರಿನ ವರ್ತಕರ ಸಂಘ ದಿನಕ್ಕೆ ಒಂದೆರಡು ಸಲವಷ್ಟೇ ದರ ಬದಲಿಸುತ್ತದೆ. ಟಿವಿಯ ದರವಾದರೋ ಕ್ಷಣಕ್ಷಣಕ್ಕೂ ಓಡುತ್ತಿರುತ್ತದೆ. ಆ ಬಜೆಟ್ ದಿನ ಅಂಗಡಿಯವರ ತಿಜೋರಿಯಲ್ಲಿದ್ದದ್ದು ಶೇ 15 ಸುಂಕ ತೆತ್ತ ಚಿನ್ನ ಎಂಬುದನ್ನೂ ಮರೆಯಬಾರದು.

ಬೋರ್ಡ್ ದರಕ್ಕೂ ಬಿಲ್ಲಿಗೂ ನಡುವಿನ ಅಂತರ ಇನ್ನೂ ದೊಡ್ಡದು. ಎಂಟು ಗ್ರಾಂ ಸರಕ್ಕೆ 6,400ರಂತೆ 51,200 ರೂಪಾಯಿ. ವೇಸ್ಟೇಜ್, ಮಜೂರಿ ಎಂದು ಶೇ 12 ಹಾಕಿದರೆ 6,144. ಒಟ್ಟು ಮೊತ್ತದ ಮೇಲೆ ಶೇ 3 ಜಿಎಸ್‌ಟಿ 1,720. ಕೊನೆಗೆ ಕೊಡಬೇಕಾದದ್ದು 59,064, ಅಂದರೆ ಗ್ರಾಂಗೆ 7,383 ರೂಪಾಯಿ. ಹಾಲ್‌ಮಾರ್ಕ್ ಶುಲ್ಕ ಬೇರೆ, ಅದು ಅಲ್ಪ.

ಬೋರ್ಡ್ ದರದ ಮೇಲೆ ಚೌಕಾಸಿ ಮಾಡಿ ನೂರಿನ್ನೂರು ಉಳಿಸಬಹುದೇನೋ. ವೇಸ್ಟೇಜ್ ಶೇ 12ರಿಂದ 8ಕ್ಕೆ ಇಳಿದರೆ ಇದೇ ಸರದಲ್ಲಿ ಎರಡು ಸಾವಿರ ರೂಪಾಯಿಗೂ ಮಿಗಿಲಾಗಿ ಉಳಿಯುತ್ತದೆ. ಅಂಗಡಿಯಲ್ಲಿ ಮೊದಲು ಅದನ್ನೇ ಕೇಳಿ, ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿಕೊಳ್ಳಿ.