ಒಮ್ಮೆ ವಜಾ ಆದ ರಿಟ್ ಅರ್ಜಿಯನ್ನು ಮತ್ತೆ ಹಾಕಬಹುದೇ?

1954ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಕೆಲಸ ಕಳೆದುಕೊಂಡರು. ಅವರ ಮೇಲೆ ಭ್ರಷ್ಟಾಚಾರದ ಆರೋಪ ಬಂದಿತ್ತು. ಇಲಾಖಾ ವಿಚಾರಣೆ ಮುಗಿದು, ಡಿಐಜಿ ಅವರನ್ನು ಸೇವೆಯಿಂದ ತೆಗೆದುಹಾಕಿದರು. ಇಲಾಖೆಯೊಳಗಿನ ಮೇಲ್ಮನವಿಯಲ್ಲೂ ಸೋತ ಮೇಲೆ ಅವರು ಅಲಹಾಬಾದ್ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಆರೋಪಗಳಿಗೆ ಉತ್ತರ ಕೊಡಲು ತನಗೆ ಸರಿಯಾದ ಅವಕಾಶ ಸಿಗಲಿಲ್ಲ ಎಂಬುದು ಅವರ ಅಹವಾಲು. ಹೈಕೋರ್ಟ್ ಒಪ್ಪಲಿಲ್ಲ. 1959ರಲ್ಲಿ ಅರ್ಜಿ ವಜಾ ಆಯಿತು.

ಮರುವರ್ಷ ಅವರು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಪ್ರಶ್ನಿಸಿದ್ದು ಅದೇ ಆದೇಶವನ್ನು, ಆದರೆ ಈ ಸಲ ವಾದ ಬೇರೆಯಾಗಿತ್ತು. ‘ನನ್ನನ್ನು ನೇಮಿಸಿದವರು ಐಜಿ. ಡಿಐಜಿ ಅವರ ಕೈಕೆಳಗಿನ ಅಧಿಕಾರಿ. ನನ್ನನ್ನು ತೆಗೆದುಹಾಕುವ ಅಧಿಕಾರ ಅವರಿಗಿಲ್ಲ’ ಎಂದರು. ಇದು ಸಣ್ಣ ತಕರಾರಲ್ಲ. ನೇಮಿಸಿದ ಅಧಿಕಾರಿಗಿಂತ ಕೆಳಗಿನವರು ಸರ್ಕಾರಿ ನೌಕರನನ್ನು ವಜಾ ಮಾಡುವಂತಿಲ್ಲ ಎಂದು ಸಂವಿಧಾನದ 311ನೆಯ ವಿಧಿಯೇ ಹೇಳುತ್ತದೆ. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತರೂ 1968ರಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು.

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1977ರಲ್ಲಿ ಆ ಗೆಲುವೂ ಬಿದ್ದುಹೋಯಿತು. ಡಿಐಜಿಗೆ ಅಧಿಕಾರವಿತ್ತು ಎಂಬುದು ಇದಕ್ಕೆ ಕಾರಣವಲ್ಲ. ನೇಮಿಸಿದವರು ಯಾರು ಎಂಬುದು ರಿಟ್ ಅರ್ಜಿ ಹಾಕುವಾಗಲೇ ಅವರಿಗೆ ತಿಳಿದಿತ್ತು. ಆ ವಾದವನ್ನು ಅಲ್ಲೇ ಎತ್ತಬಹುದಿತ್ತು, ಎತ್ತಲೇಬೇಕಿತ್ತು. ಎತ್ತದೆ ಬಿಟ್ಟ ಮೇಲೆ ಅದೂ ಹಿಂದಿನ ತೀರ್ಪಿನಲ್ಲೇ ಮುಗಿದಂತೆ ಎಂದಿತು ಸುಪ್ರೀಂ ಕೋರ್ಟ್.

‘ಉತ್ತರ ಪ್ರದೇಶ ಸರ್ಕಾರ ವಿರುದ್ಧ ನವಾಬ್ ಹುಸೇನ್’ ಎಂಬ ಈ ಪ್ರಕರಣವನ್ನು ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಗಟ್ಟಿ ವಾದವೊಂದು ತಡವಾಗಿ ಬಂತು ಎಂಬ ಕಾರಣಕ್ಕೆ ತಿರಸ್ಕೃತವಾಯಿತು. ಆದರೂ ನ್ಯಾಯಾಲಯದ ತರ್ಕವನ್ನು ತಳ್ಳಿಹಾಕುವುದು ಕಷ್ಟ. ಒಂದೇ ಆದೇಶದ ಮೇಲೆ ವರ್ಷಕ್ಕೊಂದು ವಾದ ಹಿಡಿದು ಬರಲು ಬಿಟ್ಟರೆ, ಎದುರು ಪಕ್ಷದವರಿಗೆ ತಮ್ಮ ವ್ಯಾಜ್ಯ ಮುಗಿಯಿತು ಎಂಬ ದಿನವೇ ಬರುವುದಿಲ್ಲ.

ಕಾನೂನಿನಲ್ಲಿ ಇದಕ್ಕೆ ರೆಸ್ ಜ್ಯುಡಿಕೇಟಾ ಎಂಬ ಲ್ಯಾಟಿನ್ ಹೆಸರಿದೆ. ಅದೇ ಪಕ್ಷಗಾರರ ನಡುವೆ ಒಮ್ಮೆ ತೀರ್ಮಾನವಾದ ವಿಷಯವನ್ನು ಮತ್ತೆ ಕೆದಕುವಂತಿಲ್ಲ ಎಂಬುದು ಅದರ ತಿರುಳು. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಕಲಮಿನಲ್ಲಿ ಇದು ದಾವೆಗಳಿಗಾಗಿ ಬರೆದಿರುವ ನಿಯಮ. ಅಕ್ಷರಶಃ ರಿಟ್ ಅರ್ಜಿಗೆ ಅದು ಅನ್ವಯಿಸದಿದ್ದರೂ, ಅದರ ಹಿಂದಿನ ತತ್ವ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಎತ್ತಬೇಕಿದ್ದ ವಾದವನ್ನು ಎತ್ತದಿದ್ದರೂ ಎತ್ತಿ ಸೋತಂತೆಯೇ ಲೆಕ್ಕ ಎಂಬುದು ಅದೇ ನಿಯಮದ ಇನ್ನೊಂದು ಮುಖ. ಸಬ್ ಇನ್‌ಸ್ಪೆಕ್ಟರ್ ಸೋತದ್ದು ಇದರಿಂದಲೇ.

ಅವರು ರಿಟ್ ಬಿಟ್ಟು ದಾವೆಗೆ ಹೋಗಿದ್ದರು. ರಿಟ್ ಸೋತವರು ಮತ್ತೊಂದು ರಿಟ್ ಹಾಕಿದರೂ ಫಲ ಅದೇ. ಮಧ್ಯಪ್ರದೇಶದ ರತ್ಲಾಮಿನ ದೇವಿಲಾಲ್ ಮೋದಿ ಪ್ರಕರಣದಲ್ಲಿ ಆದದ್ದು ಹೀಗೆ. ಮಾರಾಟ ತೆರಿಗೆಯ ಆದೇಶವೊಂದರ ವಿರುದ್ಧ ಹಾಕಿದ ರಿಟ್ ಅರ್ಜಿ ವಜಾ ಆಗಿ, ಸುಪ್ರೀಂ ಕೋರ್ಟಿನ ಮೇಲ್ಮನವಿಯೂ ಸೋತಿತು. ಆ ಮೇಲ್ಮನವಿಯಲ್ಲಿ ಹೊಸದಾಗಿ ಎರಡು ವಾದ ಸೇರಿಸಲು ಕೇಳಿದಾಗ ಒಪ್ಪಿಗೆ ಸಿಗಲಿಲ್ಲ. ಅವೇ ಎರಡನ್ನು ಹಿಡಿದು ಹೈಕೋರ್ಟಿಗೆ ಇನ್ನೊಂದು ರಿಟ್ ಹಾಕಲಾಯಿತು. 1964ರಲ್ಲಿ ಸುಪ್ರೀಂ ಕೋರ್ಟ್ ಆ ದಾರಿಯನ್ನೂ ಮುಚ್ಚಿತು. ಬೇರೆ ವರ್ಷದ ತೆರಿಗೆಯಾಗಿದ್ದರೆ ಮಾತು ಬೇರೆ, ಏಕೆಂದರೆ ಅದು ಬೇರೆ ಆದೇಶ. ಇಲ್ಲಿ ವರ್ಷವೂ ಆದೇಶವೂ ಒಂದೇ.

ಹಾಗಾದರೆ ‘ವಜಾ’ ಎಂಬ ಪದ ಕಂಡ ಕೂಡಲೇ ಎಲ್ಲ ಮುಗಿಯಿತೇ? ಇಲ್ಲ. ಅರ್ಜಿ ಹೇಗೆ ವಜಾ ಆಯಿತು ಎಂಬುದೇ ಇಲ್ಲಿ ಮುಖ್ಯ.

ಇದನ್ನು ಬಿಡಿಸಿ ಹೇಳಿದ್ದು 1961ರ ದರ್ಯಾವ್ ಪ್ರಕರಣ. ಹೈಕೋರ್ಟಿನಲ್ಲಿ ರಿಟ್ ಸೋತವರು ಅದೇ ವಿಷಯ ಹಿಡಿದು 32ನೆಯ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಬಂದಿದ್ದರು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಸಂವಿಧಾನ ಪೀಠದ ತೀರ್ಪು ಬರೆದರು. ಎರಡೂ ಕಡೆಯ ವಾದ ಕೇಳಿ, ಹುರುಳನ್ನು ಪರಿಶೀಲಿಸಿ ಅರ್ಜಿ ವಜಾ ಮಾಡಿದ್ದರೆ ಆ ತೀರ್ಪು ಕಟ್ಟಿಹಾಕುತ್ತದೆ. ಅದನ್ನು ಮೇಲ್ಮನವಿಯಲ್ಲಿ ಬದಲಿಸಬೇಕೇ ಹೊರತು ಹೊಸ ಅರ್ಜಿಯಿಂದಲ್ಲ. ತಡವಾಗಿ ಬಂದಿದ್ದೀರಿ ಎಂದೋ, ಮೊದಲು ಹೋಗಬೇಕಾದ ಬೇರೆ ಪ್ರಾಧಿಕಾರವಿದೆ ಎಂದೋ ವಜಾ ಮಾಡಿದ್ದರೆ, ಆದೇಶ ಸರಿಯೇ ತಪ್ಪೇ ಎಂಬುದನ್ನು ನ್ಯಾಯಾಲಯ ನೋಡಿಯೇ ಇಲ್ಲ ಎಂದರ್ಥ. ಸಾಮಾನ್ಯವಾಗಿ ಅದು ಅಡ್ಡಿಯಾಗದು. ಮೊದಲ ದಿನವೇ ಕಾರಣ ಬರೆಯದೆ ‘ವಜಾ’ ಎಂದಷ್ಟೇ ಹೇಳಿದ ಆದೇಶವೂ ಹಾಗೆಯೇ. ಏನನ್ನು ತೀರ್ಮಾನಿಸಿದರು ಎಂಬುದೇ ಅದರಿಂದ ತಿಳಿಯುವುದಿಲ್ಲ. ಆದರೆ ಮೊದಲ ದಿನವೇ ವಜಾ ಮಾಡಿದರೂ ವಾದದಲ್ಲಿ ಹುರುಳಿಲ್ಲ ಎಂದು ಕಾರಣ ಬರೆದಿದ್ದರೆ ಅದು ಅಡ್ಡಿಯೇ.

ಹೆಚ್ಚಿನವರು ಎಡವುವುದು ಅರ್ಜಿ ವಾಪಸ್ ಪಡೆಯುವಾಗ. ನ್ಯಾಯಮೂರ್ತಿಗಳು ಒಪ್ಪುವ ಹಾಗೆ ಕಾಣದಿದ್ದಾಗ ‘ಸ್ವಾಮಿ, ವಾಪಸ್ ತೆಗೆದುಕೊಳ್ಳುತ್ತೇನೆ’ ಎಂದು ವಕೀಲರು ಹೇಳುವುದು ನ್ಯಾಯಾಲಯದಲ್ಲಿ ದಿನನಿತ್ಯದ ನೋಟ. ತೀರ್ಮಾನವೇ ಆಗಿಲ್ಲ, ಆಮೇಲೆ ಮತ್ತೆ ಹಾಕಿದರಾಯಿತು ಎಂದು ಕಕ್ಷಿದಾರ ನಂಬಿರುತ್ತಾನೆ. ದರ್ಯಾವ್ ತೀರ್ಪಿನ ಪ್ರಕಾರ ಅದು ರೆಸ್ ಜ್ಯುಡಿಕೇಟಾ ಅಲ್ಲ, ನಿಜ. ಆದರೆ 1986ರಲ್ಲಿ ಸರ್ಗುಜಾ ಟ್ರಾನ್ಸ್‌ಪೋರ್ಟ್ ಪ್ರಕರಣ ಬಂತು. ಗ್ವಾಲಿಯರ್‌ನ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶವನ್ನು ಪ್ರಶ್ನಿಸಿದ್ದ ಸಾರಿಗೆ ಸಂಸ್ಥೆಯೊಂದು ರಿಟ್ ವಾಪಸ್ ಪಡೆದು, ಅದೇ ಆದೇಶದ ಮೇಲೆ ಇನ್ನೊಂದು ರಿಟ್ ಹಾಕಿತ್ತು. ತೀರ್ಪು ಬರೆದವರು ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ, ಮಂಡ್ಯ ಸೀಮೆಯವರು, ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದವರು. ಹೊಸ ಅರ್ಜಿ ಹಾಕಲು ಅನುಮತಿ ಪಡೆಯದೆ ವಾಪಸ್ ತೆಗೆದುಕೊಂಡರೆ ಅದೇ ವಿಷಯಕ್ಕೆ ಹೈಕೋರ್ಟಿನಲ್ಲಿ ಎರಡನೆಯ ರಿಟ್ ನಡೆಯದು ಎಂದು ಅವರು ಹೇಳಿದರು. ಇಲ್ಲದಿದ್ದರೆ ಜನ ತಮಗೆ ಅನುಕೂಲವಾದ ಪೀಠ ಸಿಗುವವರೆಗೆ ಅರ್ಜಿ ಹಾಕುತ್ತಾ, ತೆಗೆಯುತ್ತಾ ಇರುತ್ತಾರೆ. ಆದರೆ ದಾವೆಯಂಥ ಬೇರೆ ದಾರಿ ಇದ್ದರೆ ಅದು ಇದರಿಂದ ಮುಚ್ಚುವುದಿಲ್ಲ.

‘ವಾಪಸ್ ಪಡೆದ ಕಾರಣ ವಜಾ’ ಎಂಬ ಸಾಲಿಗೂ, ‘ಹೊಸ ಅರ್ಜಿ ಸಲ್ಲಿಸುವ ಸ್ವಾತಂತ್ರ್ಯದೊಂದಿಗೆ, ವಾಪಸ್ ಪಡೆದ ಕಾರಣ ವಜಾ’ ಎಂಬ ಸಾಲಿಗೂ ನಡುವೆ ಇರುವುದು ನಾಲ್ಕು ಪದ. ಆ ನಾಲ್ಕು ಪದ ಇಲ್ಲದೆ ಎರಡನೆಯ ಅರ್ಜಿ ಬಾಗಿಲಲ್ಲೇ ನಿಲ್ಲುತ್ತದೆ.

ಒಂದು ಕ್ಷೇತ್ರವನ್ನು ನ್ಯಾಯಾಲಯಗಳು ಈ ಬಿಗಿಯಿಂದ ಹೊರಗಿಟ್ಟಿವೆ. ಒಬ್ಬ ವ್ಯಕ್ತಿಯನ್ನು ಬಂಧನದಲ್ಲಿ ಇಟ್ಟಾಗ ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿ ಒಮ್ಮೆ ಬಿದ್ದುಹೋದರೂ ಹೊಸ ಕಾರಣಗಳ ಮೇಲೆ ಮತ್ತೆ ಬರಬಹುದು. ಮನುಷ್ಯನೊಬ್ಬ ಕಾನೂನುಬಾಹಿರವಾಗಿ ಜೈಲಿನಲ್ಲಿರುವಾಗ, ಈ ವಾದವನ್ನು ಹೋದ ಸಲವೇ ಹೇಳಬೇಕಿತ್ತು ಎಂದು ಅವನನ್ನು ಅಲ್ಲೇ ಬಿಡುವುದು ನ್ಯಾಯವಲ್ಲ.

ಜಮೀನು, ಪಿಂಚಣಿ, ಬಡ್ತಿ, ಪರವಾನಗಿಯ ವ್ಯಾಜ್ಯಗಳಿಗೆ ಈ ಸಡಿಲಿಕೆ ಸಿಗದು. ರಿಟ್ ಅರ್ಜಿ ವಜಾ ಆಗಿದೆ ಎಂದು ಕೇಳಿದವರು ಮೊದಲು ಆದೇಶದ ಪ್ರಮಾಣೀಕೃತ ನಕಲು ತೆಗೆಸಿ, ಕೊನೆಯ ಪ್ಯಾರಾವನ್ನು ವಕೀಲರ ಜೊತೆ ಕೂತು ಓದಬೇಕು. ಹುರುಳಿನ ಮೇಲೆಯೇ ವಜಾ ಆಗಿದ್ದರೆ ಎರಡನೆಯ ಅರ್ಜಿಗೆ ಹಣ ಸುರಿಯಬೇಡಿ. ಹಿಂದಿನ ಅರ್ಜಿಯನ್ನು ಮುಚ್ಚಿಟ್ಟು ಹೊಸದನ್ನು ಹಾಕುವುದಂತೂ ಬೇಡವೇ ಬೇಡ, ಅದೊಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗಬಹುದು. ಕರ್ನಾಟಕ ಹೈಕೋರ್ಟಿನಲ್ಲಿ ಏಕಸದಸ್ಯ ಪೀಠ ರಿಟ್ ಅರ್ಜಿಯನ್ನು ವಜಾ ಮಾಡಿದರೆ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ ರಿಟ್ ಮೇಲ್ಮನವಿ ಹಾಕಬಹುದು. ಅದಕ್ಕಿರುವ ಗಡುವು 30 ದಿನ.